ಭೂಮಿಯ ಒಳಗಿನ ಪದರಗಳು ಗೊತ್ತಾಗಿದ್ದು ಹೇಗೆ?

ಪ್ರಶ್ನೆ: ಮನುಷ್ಯ ಭೂಮಿಯನ್ನು ಕೊರೆದಿರೋದು ಹೆಚ್ಚೆಂದರೆ 12 ಕಿ.ಮೀ. ಆಳಕ್ಕೆ ಅಂತ ಓದಿದೆ. ಹಾಗಿದ್ದರೆ 2,900 ಕಿ.ಮೀ. ಆಳದಲ್ಲಿ ಕೇಂದ್ರಗೋಳ ಶುರುವಾಗುತ್ತೆ, ಅದರ ಹೊರಭಾಗ ದ್ರವ, ಒಳಭಾಗ ಗಟ್ಟಿ ಅಂತ ಅಷ್ಟು ಧೈರ್ಯವಾಗಿ ಹೇಗೆ ಹೇಳ್ತಾರೆ? ಭೂಕಂಪದ ಅಲೆಗಳಿಂದ ಗೊತ್ತಾಗುತ್ತೆ ಅಂತಾರೆ. ಅಲೆ ನೋಡಿದರೆ ಪದರ ಹೇಗೆ ಕಾಣುತ್ತೆ?

ಉತ್ತರ: ಪದರ ಕಾಣುವುದಿಲ್ಲ. ಭೂಕಂಪದ ಅಲೆಗಳು ಭೂಮಿಯ ಒಳಗಿನ ಫೋಟೋ ತೆಗೆದು ಕೊಡುತ್ತವೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ನಮ್ಮ ಕೈಗೆ ಸಿಗುವುದು ಮುಖ್ಯವಾಗಿ ಒಂದೇ, ಹೊತ್ತು. ಇಂಥ ಕಡೆ ಇಷ್ಟು ಗಂಟೆಗೆ ನೆಲ ಅಲುಗಿತು, ಆ ಅಲುಗಾಟ ಇನ್ನೊಂದು ಕಡೆ ಇರುವ ಯಂತ್ರಕ್ಕೆ ಇಷ್ಟು ನಿಮಿಷ, ಇಷ್ಟು ಸೆಕೆಂಡಿಗೆ ಮುಟ್ಟಿತು. ಇಂಥ ಸಾವಿರಾರು ಸಮಯಗಳನ್ನು ದೂರದ ಎದುರು ಬರೆದು ನೋಡಿದಾಗ ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ಅಲೆ ಬೇಗ ಬಂದಿರುತ್ತದೆ, ತಡವಾಗಿರುತ್ತದೆ, ಇಲ್ಲವೇ ಬಂದೇ ಇರುವುದಿಲ್ಲ. ಆ ಎಡವಟ್ಟಿನ ಹಿಂದೆ ಒಂದು ಗಡಿ ಇರುತ್ತದೆ.

ಅಲೆಗಳಲ್ಲಿ ಎರಡು ಬಗೆ ಗೊತ್ತಿದ್ದರೆ ಸಾಕು. ಪಿ ಅಲೆ ತಾನು ಹೋಗುವ ದಿಕ್ಕಿನಲ್ಲೇ ಕಲ್ಲನ್ನು ಒತ್ತುತ್ತ, ಬಿಡುತ್ತ ಹೋಗುತ್ತದೆ, ಗಾಳಿಯಲ್ಲಿ ಶಬ್ದ ಹೋಗುವ ಹಾಗೆ. ಎಸ್ ಅಲೆ ಹೋಗುವ ದಿಕ್ಕಿಗೆ ಅಡ್ಡಡ್ಡ ಅಲುಗಿಸುತ್ತದೆ. ಪಿ ಮೊದಲು ಬರುತ್ತದೆ, ಎಸ್ ಹಿಂದೆ ಬರುತ್ತದೆ. 1897ರ ಅಸ್ಸಾಂ ಭೂಕಂಪದ ದಾಖಲೆಗಳನ್ನು ಜಾಲಾಡಿ, ದೂರದ ಯಂತ್ರಗಳಲ್ಲಿ ಈ ಎರಡನ್ನೂ ನೆಲದ ಮೇಲ್ಮೈಯಲ್ಲೇ ಸಾಗುವ ಮೂರನೆಯ ಅಲೆಯನ್ನೂ ಬೇರೆ ಬೇರೆಯಾಗಿ ಗುರುತಿಸಿದವರು ರಿಚರ್ಡ್ ಓಲ್ಡಮ್. ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡುತ್ತಿದ್ದರು.

ಈಗ ಮೇಲಿನ ಗಡಿಯಿಂದ ಶುರು ಮಾಡೋಣ. ಇಲ್ಲಿ ಲೆಕ್ಕ ಸುಲಭ, ಕಾಗದ ಪೆನ್ನು ಹಿಡಿದು ನೀವೇ ಮಾಡಬಹುದು.

1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದಲ್ಲಿ, ಜಾಗ್ರೆಬ್‌ನ ದಕ್ಷಿಣಕ್ಕಿರುವ ಪೊಕುಪ್ಸ್ಕೋ ಬಳಿ ಭೂಕಂಪವಾಯಿತು. ಅಲ್ಲಿನ ವಿಜ್ಞಾನಿ ಆಂದ್ರಿಯಾ ಮೊಹೊರೊವಿಚಿಕ್ ಭೂಕಂಪ ಅಳೆಯುವ ಯೂರೋಪಿನ ಹಲವು ಕೇಂದ್ರಗಳ ದಾಖಲೆ ತರಿಸಿಕೊಂಡು ನೋಡಿದರು. ಒಂದೇ ಭೂಕಂಪ, ಆದರೆ ಕೆಲವು ದಾಖಲೆಗಳಲ್ಲಿ ಪಿ ಅಲೆ ಎರಡು ಸಲ ಬಂದಿತ್ತು. ಎಸ್ ಅಲೆಯೂ ಎರಡು ಸಲ. ಇನ್ನೂ ವಿಚಿತ್ರ ಅಂದರೆ, ಹತ್ತಿರದ ಕೇಂದ್ರಗಳಲ್ಲಿ ಮುಂದಿದ್ದ ಅಲೆ ದೂರ ಹೋದಂತೆ ಹಿಂದೆ ಬೀಳುತ್ತಿತ್ತು, ಇನ್ನೊಂದು ಅದನ್ನು ದಾಟಿ ಮುಂದೆ ಹೋಗುತ್ತಿತ್ತು.

ಮೇಲೆ 30 ಕಿ.ಮೀ. ದಪ್ಪದ ಒಂದು ಪದರ ಇದೆ, ಅದರಲ್ಲಿ ಪಿ ಅಲೆ ಸೆಕೆಂಡಿಗೆ 6 ಕಿ.ಮೀ. ಹೋಗುತ್ತದೆ ಅಂತಿಟ್ಟುಕೊಳ್ಳಿ. ಕೆಳಗಿನ ಪದರದಲ್ಲಿ ಸೆಕೆಂಡಿಗೆ 8 ಕಿ.ಮೀ. ಲೆಕ್ಕ ಹಗುರಾಗಲಿ ಅಂತ ಭೂಕಂಪ ನೆಲದ ಮಟ್ಟದಲ್ಲೇ ಆಯಿತು ಅನ್ನೋಣ. ಒಂದು ಅಲೆ ಮೇಲಿನ ಪದರದಲ್ಲೇ ನೇರ ಬರುತ್ತದೆ. ಇನ್ನೊಂದು ಕೆಳಗಿಳಿದು, ಗಡಿಯ ಗುಂಟ ವೇಗವಾಗಿ ಓಡಿ, ಮತ್ತೆ ಮೇಲೆ ಹತ್ತಿ ಬರುತ್ತದೆ. ಊರೊಳಗಿನ ರಸ್ತೆಯಲ್ಲೇ ಹೋಗುವುದಕ್ಕೂ ಸ್ವಲ್ಪ ಸುತ್ತು ಬಿದ್ದರೂ ಬೈಪಾಸ್ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಇಳಿದು ಹತ್ತುವ ಸುತ್ತಿಗೆ ಎರಡನೆಯ ಅಲೆ ತೆರುವ ದಂಡ, ಈ ಅಂಕಿಗಳಿಗೆ, 6.6 ಸೆಕೆಂಡು.

100 ಕಿ.ಮೀ. ದೂರದ ಯಂತ್ರಕ್ಕೆ ನೇರ ಅಲೆ 16.7 ಸೆಕೆಂಡಿಗೆ ಮುಟ್ಟುತ್ತದೆ. ಕೆಳಗಿನ ದಾರಿಯದ್ದು 12.5 ಸೆಕೆಂಡು, ಅದಕ್ಕೆ 6.6 ದಂಡ, ಒಟ್ಟು 19.1. ನೇರ ಅಲೆಯೇ ಮುಂದೆ. 240 ಕಿ.ಮೀ. ದೂರಕ್ಕೆ ನೇರ ಅಲೆಗೆ 40 ಸೆಕೆಂಡು ಬೇಕು. ಕೆಳಗಿನದಕ್ಕೆ 30 ಮತ್ತು 6.6, ಅಂದರೆ 36.6. ಈಗ ಕೆಳಗಿನದು 3.4 ಸೆಕೆಂಡು ಮುಂದೆ. ಇವೆರಡೂ ಸರಿಸಮ ಆಗುವ ದೂರ ಸುಮಾರು 159 ಕಿ.ಮೀ. ವಾಸ್ತವದಲ್ಲಿ ನಾವು ಈ ಲೆಕ್ಕವನ್ನು ತಿರುಗಿಸಿ ಮಾಡುತ್ತೇವೆ. ಎರಡು ವೇಗಗಳೂ ದಂಡದ ಸೆಕೆಂಡುಗಳೂ ದಾಖಲೆಯಿಂದಲೇ ಸಿಗುತ್ತವೆ, ಅವುಗಳಿಂದ ಪದರದ ದಪ್ಪ ಬರುತ್ತದೆ. ಮೊಹೊರೊವಿಚಿಕ್ ತಮ್ಮ ದಾಖಲೆಗಳಿಂದ ಹೀಗೆ ಪಡೆದ ಆಳ 54 ಕಿ.ಮೀ. ಆ ಗಡಿಯನ್ನು ನಾವು ಇವತ್ತು ಮೋಹೋ ಅಂತ ಕರೆಯುತ್ತೇವೆ. ಅದರ ಮೇಲಿರುವುದು ಭೂಕವಚ, ಕೆಳಗಿರುವುದು ಮ್ಯಾಂಟಲ್. ಸಾಗರಗಳ ಕೆಳಗೆ ಈ ಗಡಿ ತುಂಬ ಮೇಲಿದೆ, ಅಲ್ಲಿ ಭೂಕವಚ ಏಳೆಂಟು ಕಿ.ಮೀ. ದಪ್ಪ ಅಷ್ಟೇ. ಹಿಮಾಲಯದಂಥ ದೊಡ್ಡ ಬೆಟ್ಟಸಾಲಿನ ಕೆಳಗೆ 70 ಕಿ.ಮೀ. ತನಕ ಹೋಗುತ್ತದೆ.

ಕೇಳಲು ಸಲೀಸು, ಮಾಡುವಾಗ ಅಷ್ಟು ಸಲೀಸಲ್ಲ. ಕೆಳಗಿನ ದಾರಿಯಲ್ಲಿ ಬರುವ ಅಲೆ ಬಹಳ ಸಣ್ಣದು. ಹಾಳೆಯಲ್ಲಿ ಸೂಜಿಮೊನೆಯಷ್ಟು ಒಂದು ಕೊಂಕು, ಮೂರ್ನಾಲ್ಕು ಸೆಕೆಂಡು ಬಿಟ್ಟು ನೇರ ಅಲೆಯ ದೊಡ್ಡ ಏರಿಳಿತ. ಗಾಳಿ, ವಾಹನ, ಸಮುದ್ರದ ಅಲೆ ಇವುಗಳ ಗಲಾಟೆಯಲ್ಲಿ ಆ ಕೊಂಕು ಮುಚ್ಚಿಹೋದರೆ ಎರಡನೆಯದನ್ನೇ ಮೊದಲನೆಯದು ಅಂತ ಗುರುತು ಹಾಕಿಬಿಡುತ್ತೇವೆ.

ಇನ್ನೊಂದು ತೊಂದರೆ ಗಡಿಯಾರ. ನಾನು ಈ ಕೆಲಸ ಕಲಿಯುತ್ತಿದ್ದಾಗ ಒಂದು ಕೇಂದ್ರದ ಕೆಳಗೆ ಮೋಹೋ ಅಕ್ಕಪಕ್ಕಕ್ಕಿಂತ 9 ಕಿ.ಮೀ. ಆಳಕ್ಕಿದೆ ಅಂತ ಲೆಕ್ಕ ಬಂತು. ಏನೋ ಹೊಸದು ಸಿಕ್ಕಿತು ಅಂತ ಎರಡು ದಿನ ಹಿಗ್ಗಿದ್ದೆ. ಆಮೇಲೆ ನೋಡಿದರೆ ಆ ಕೇಂದ್ರದ ಗಡಿಯಾರ 2 ಸೆಕೆಂಡು ಮುಂದಿತ್ತು. ಮೇಲಿನ ಲೆಕ್ಕದಲ್ಲಿ ದಂಡ 1 ಸೆಕೆಂಡು ಹೆಚ್ಚಿದರೆ ಆಳ 4.5 ಕಿ.ಮೀ. ಹೆಚ್ಚುತ್ತದೆ. ಎರಡು ಸೆಕೆಂಡು ಅಂದರೆ ನನ್ನ 9 ಕಿ.ಮೀ. ಪೂರ್ತಿ ಅಲ್ಲೇ ಹೋಯಿತು. ಅದೇ ಹಾಳೆಯಲ್ಲಿ ನೇರ ಅಲೆಯ ಸಮಯವನ್ನೂ ನೋಡಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು, ಯಾಕೆಂದರೆ ಅದೂ 2 ಸೆಕೆಂಡು ತಡವಾಗಿತ್ತು. ಕೆಳಗಿನ ಗಡಿ ಆಳಕ್ಕಿದ್ದರೆ ನೇರ ಅಲೆ ಯಾಕೆ ತಡವಾಗಬೇಕು, ಅಲ್ವಾ?

ಈಗ ಕೆಳಗಿಳಿಯೋಣ. ಮ್ಯಾಂಟಲ್‌ನ ಮೇಲ್ಭಾಗದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ 8 ಕಿ.ಮೀ., ತಳದಲ್ಲಿ 13.7. ಆಳಕ್ಕೆ ಹೋದಂತೆ ಸಾಂದ್ರತೆ ಹೆಚ್ಚುತ್ತದೆ, ಅದಕ್ಕೇ ವೇಗ ಹೆಚ್ಚುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಸಾಂದ್ರತೆ ಹೆಚ್ಚಿದರೆ ಅಲೆ ನಿಧಾನ ಆಗಬೇಕು, ಭಾರದ್ದನ್ನು ಅಲುಗಿಸುವುದು ಕಷ್ಟ. ನಿಜವಾದ ಕಾರಣ ಒತ್ತಡ. ಅದು ಕಲ್ಲನ್ನು ಇನ್ನಷ್ಟು ಬಿಗಿ ಮಾಡುತ್ತದೆ, ಈ ಬಿಗಿತ ಸಾಂದ್ರತೆಗಿಂತ ಜಾಸ್ತಿ ಏರುತ್ತದೆ. ಗೆಲ್ಲುವುದು ಬಿಗಿತ.

ವೇಗ ಹೀಗೆ ಏರುತ್ತ ಹೋಗುವುದರಿಂದ ಅಲೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಕೆಳಕ್ಕೆ ಹೊರಟದ್ದು ನಿಧಾನವಾಗಿ ಬಾಗಿ, ಬಾಣಲೆಯ ಆಕಾರದಲ್ಲಿ ತಿರುಗಿ ಮೇಲೆ ಬರುತ್ತದೆ. ದೂರದ ಯಂತ್ರಕ್ಕೆ ಬಂದ ಅಲೆ ಅಂದರೆ ಹೆಚ್ಚು ಆಳ ನೋಡಿ ಬಂದ ಅಲೆ. ಇಲ್ಲಿ ದೂರವನ್ನು ಕಿ.ಮೀ.ಗಿಂತ ಡಿಗ್ರಿಯಲ್ಲಿ ಹೇಳುವುದು ವಾಡಿಕೆ. ಭೂಕಂಪದ ಜಾಗ ಮತ್ತು ಯಂತ್ರದ ಜಾಗ ಭೂಮಿಯ ನಡುಮಧ್ಯದಲ್ಲಿ ಮಾಡುವ ಕೋನ ಅದು. ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. 180 ಡಿಗ್ರಿ ಅಂದರೆ ಭೂಮಿಯ ಸರಿಯಾಗಿ ಆಚೆ ಬದಿ.

ಸುಮಾರು 100 ಡಿಗ್ರಿ ತನಕ ಎಲ್ಲ ಲೆಕ್ಕದ ಪ್ರಕಾರವೇ ನಡೆಯುತ್ತದೆ. 104 ಡಿಗ್ರಿ ಹತ್ತಿರ ಪಿ ಅಲೆ ಮಂಕಾಗಿ ಕಾಣೆಯಾಗುತ್ತದೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಮತ್ತೆ ಜೋರಾಗಿ ಕಾಣಿಸಿಕೊಳ್ಳುತ್ತದೆ, ಆದರೆ ತುಂಬ ತಡವಾಗಿ. ನಡುವೆ ಭೂಗೋಳದ ಸುತ್ತ ಒಂದು ಪಟ್ಟಿಯಷ್ಟು ಜಾಗಕ್ಕೆ ನೇರವಾದ ಪಿ ಅಲೆ ಇಲ್ಲ. ಇದೇ ನೆರಳು ವಲಯ.

ಇಂಥದ್ದು ಯಾಕಾಗುತ್ತದೆ ಅಂತ ಒಂದೊಂದೇ ಕಿರಣ, ಅಂದರೆ ಅಲೆ ಸಾಗುವ ಒಂದೊಂದೇ ದಾರಿ, ಹಿಡಿದು ನೋಡೋಣ. ಮ್ಯಾಂಟಲ್‌ನ ತಳವನ್ನು ಸವರಿಕೊಂಡು ಹೋದ ಕಿರಣ 104 ಡಿಗ್ರಿ ಸುಮಾರಿಗೆ ಮೇಲೆ ಬರುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಆಳಕ್ಕೆ ಹೋದದ್ದು ಕೇಂದ್ರಗೋಳದೊಳಗೆ ನುಗ್ಗುತ್ತದೆ. ಅಲ್ಲಿ ವೇಗ 13.7ರಿಂದ ಒಮ್ಮೆಲೇ 8ಕ್ಕೆ ಕುಸಿಯುತ್ತದೆ. ಗಾಜಿನ ಲೋಟದ ನೀರಿನಲ್ಲಿ ಚಮಚ ಮುರಿದ ಹಾಗೆ ಕಾಣುವ ನಿಯಮವೇ ಇಲ್ಲೂ ನಡೆಯುತ್ತದೆ. ಗಡಿಗೆ ಸಮಾನಾಂತರವಾಗಿ ಬರುತ್ತಿದ್ದ ಕಿರಣ ಗಡಿಯ ಲಂಬಕ್ಕೆ ಬರೀ 36 ಡಿಗ್ರಿ ಕೋನ ಆಗುವಷ್ಟು ಒಳಕ್ಕೆ ಮುರಿಯುತ್ತದೆ. ಹೀಗೆ ಮುರಿದು, ಕೇಂದ್ರಗೋಳ ದಾಟಿ, ಹೊರಬರುವಾಗ ಇನ್ನೊಮ್ಮೆ ಮುರಿದು, ಹೆಚ್ಚುಕಮ್ಮಿ ಆಚೆ ಬದಿಯ ತನಕ ಹೋಗಿ ಮೇಲೇಳುತ್ತದೆ. ಇನ್ನೂ ಕಡಿದಾಗಿ ಇಳಿದ ಕಿರಣ ಅಷ್ಟು ದೂರ ಹೋಗದೆ ಈಚೆಗೆ ಬರುತ್ತದೆ. ಹೀಗೆ ಈಚೆಗೆ ಬರುತ್ತ ಬರುತ್ತ 140ರಿಂದ 145 ಡಿಗ್ರಿ ನಡುವೆ ಒಂದು ಕಡೆ ನಿಂತು, ಅಲ್ಲಿಂದ ಮತ್ತೆ ಹಿಂದಕ್ಕೆ ತಿರುಗಿ 180ರ ಕಡೆ ಹೊರಡುತ್ತದೆ. ಆ ನಿಲ್ಲುವ ಜಾಗದಲ್ಲಿ ಕಿರಣಗಳು ಒಂದರ ಮೇಲೊಂದು ಒತ್ತೊತ್ತಾಗಿ ಬೀಳುತ್ತವೆ. ಅದಕ್ಕೇ ಅಲ್ಲಿ ಅಲೆ ಅಷ್ಟು ಜೋರು. ಅದಕ್ಕಿಂತ ಈಚೆಗೆ ಯಾವ ಕಿರಣವೂ ಬೀಳುವುದಿಲ್ಲ.

ಕೇಂದ್ರಗೋಳ ಒಂದು ಇದೆ ಅಂತ ಅಲೆಗಳ ಆಧಾರದಿಂದ 1906ರಲ್ಲಿ ಹೇಳಿದ್ದು ಇದೇ ಓಲ್ಡಮ್. ಅವರ ಅಂದಾಜಿನಲ್ಲಿ ಅದರ ಅಳತೆ ನಿಜಕ್ಕಿಂತ ಚಿಕ್ಕದಿತ್ತು. 1913ರ ಸುಮಾರಿಗೆ ಜರ್ಮನಿಯಲ್ಲಿ ಬೆನೊ ಗುಟೆನ್‌ಬರ್ಗ್ ಸಮಯಗಳ ಪಟ್ಟಿಯನ್ನು ಬಿಗಿಯಾಗಿ ಲೆಕ್ಕ ಹಾಕಿ ಗಡಿಯ ಆಳ 2,900 ಕಿ.ಮೀ. ಅಂದರು. ಇವತ್ತಿನ ಅಂಕಿ 2,891. ನೂರು ವರ್ಷದ ಯಂತ್ರ, ಕಂಪ್ಯೂಟರ್ ಎಲ್ಲ ಸೇರಿ ತಿದ್ದಿದ್ದು 9 ಕಿ.ಮೀ. ಮಾತ್ರ. ನನಗೆ ಇದು ಇವತ್ತಿಗೂ ಸೋಜಿಗ.

ಇದನ್ನು ಬೇರೆ ದಾರಿಯಲ್ಲೂ ಪರೀಕ್ಷೆ ಮಾಡಬಹುದು. ಕೇಂದ್ರಗೋಳದ ಮೇಲೆ ಬಡಿದು ವಾಪಸ್ ಬರುವ ಅಲೆಯೂ ಉಂಟು. ನೇರ ಕೆಳಗೆ ಹೋಗಿ ಬರಲು ಅದಕ್ಕೆ ಸುಮಾರು ಎಂಟೂವರೆ ನಿಮಿಷ ಬೇಕು, ಅಂದರೆ 511 ಸೆಕೆಂಡು. ಹೋಗಿ ಬರುವ ದಾರಿ 5,782 ಕಿ.ಮೀ. ಭಾಗಿಸಿದರೆ ಸೆಕೆಂಡಿಗೆ ಸರಾಸರಿ 11.3 ಕಿ.ಮೀ. ಮ್ಯಾಂಟಲ್‌ನ ವೇಗ ಮೇಲೆ 8, ಕೆಳಗೆ 13.7 ಅಂದಮೇಲೆ ಸರಾಸರಿ ಅಲ್ಲೇ ಇರಬೇಕು. ನೆರಳಿನಿಂದ ಬಂದ ಉತ್ತರವೂ ಪ್ರತಿಧ್ವನಿಯಿಂದ ಬಂದ ಉತ್ತರವೂ ಹೊಂದುತ್ತವೆ. ನೀವು ಕೇಳಿದ ಧೈರ್ಯ ಬರುವುದು ಇಂಥ ಕಡೆಯಿಂದ.

ದ್ರವ ಅಂತ ಹೇಗೆ ಗೊತ್ತು? ಎಸ್ ಅಲೆ ಸಾಗಬೇಕಾದರೆ ವಸ್ತುವಿಗೆ ಆಕಾರ ಹಿಡಿದುಕೊಳ್ಳುವ ಗುಣ ಇರಬೇಕು. ಕಲ್ಲನ್ನು ಅಡ್ಡಕ್ಕೆ ತಳ್ಳಿದರೆ ಅದು ವಾಪಸ್ ತಳ್ಳುತ್ತದೆ. ನೀರನ್ನು ಅಡ್ಡಕ್ಕೆ ತಳ್ಳಿದರೆ ಸುಮ್ನೆ ಜರುಗುತ್ತದೆ, ವಾಪಸ್ ಬರುವುದಿಲ್ಲ. ಹಾಗಾಗಿ ದ್ರವದಲ್ಲಿ ಎಸ್ ಅಲೆ ಸಾಗದು. ಕೇಂದ್ರಗೋಳವನ್ನು ಎಸ್ ಅಲೆಯಾಗಿಯೇ ದಾಟಿ ಬಂದ ಅಲೆ ಆಚೆ ಬದಿಯಲ್ಲಿ ಸಿಗುವುದಿಲ್ಲ.

ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ, ಆದರೆ ನಿಮ್ಮಂಥವರು ನಿಲ್ಲಬಾರದು. ಎಸ್ ಅಲೆ ಬರಲಿಲ್ಲ ಅನ್ನುವುದೊಂದೇ ಸಾಕ್ಷಿಯಾಗದು. ದಾರಿಯಲ್ಲಿ ಸವೆದು ಸಣ್ಣದಾಗಿದ್ದರೆ? ನಮ್ಮ ಯಂತ್ರಕ್ಕೆ ಕಾಣದೆ ಹೋಗಿದ್ದರೆ? ಗುಟೆನ್‌ಬರ್ಗ್ ಲೆಕ್ಕದ ನಂತರವೂ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಈ ಅನುಮಾನ ಹಾಗೇ ಇತ್ತು. 1926ರಲ್ಲಿ ಹೆರಾಲ್ಡ್ ಜೆಫ್ರಿಸ್ ಅದನ್ನು ಬೇರೆ ಕಡೆಯಿಂದ ಹಿಡಿದರು. ಚಂದ್ರ ಮತ್ತು ಸೂರ್ಯ ಸಮುದ್ರವನ್ನಷ್ಟೇ ಅಲ್ಲ, ಗಟ್ಟಿ ನೆಲವನ್ನೂ ಸ್ವಲ್ಪ ಎಳೆದು ಉಬ್ಬಿಸುತ್ತವೆ. ಆ ಉಬ್ಬು ಎಷ್ಟು ಅನ್ನುವುದರಿಂದ ಇಡೀ ಭೂಮಿ ಸರಾಸರಿ ಎಷ್ಟು ಬಿಗಿ ಅಂತ ತಿಳಿಯುತ್ತದೆ. ಮ್ಯಾಂಟಲ್ ಎಷ್ಟು ಬಿಗಿ ಅಂತ ಎಸ್ ಅಲೆಯ ವೇಗವೇ ಹೇಳುತ್ತದೆ. ಇಡೀ ಭೂಮಿಯ ಸರಾಸರಿ ಮ್ಯಾಂಟಲ್‌ಗಿಂತ ಕಮ್ಮಿ ಬಂತು. ಹಾಗಾದರೆ ಒಳಗಿನದು ಸರಾಸರಿಯನ್ನು ಕೆಳಕ್ಕೆ ಎಳೆಯುವಷ್ಟು ಸಡಿಲ ಇರಬೇಕು. ಅಲೆ ಮತ್ತು ಉಬ್ಬರ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದವು.

ಇಲ್ಲೊಂದು ಮೋಸ ಇದೆ, ಹೊಸಬರು ಪ್ರತಿ ಸಲ ಬೀಳುವ ಹಳ್ಳ. 104 ಡಿಗ್ರಿ ಆಚೆಗೆ ಎಸ್ ಅಲೆ ಇಲ್ಲವೇ ಇಲ್ಲ ಅಂತ ಓದಿಕೊಂಡು ಬಂದವರು ನಿಜವಾದ ದಾಖಲೆ ನೋಡಿದರೆ ಗಾಬರಿಯಾಗುತ್ತಾರೆ. ಅಲ್ಲಿ ಎಸ್ ಥರದ ಅಲುಗಾಟ ಚೆನ್ನಾಗಿಯೇ ಕಾಣುತ್ತದೆ. ಅದು ಗಡಿಯಲ್ಲಿ ವೇಷ ಬದಲಿಸಿದ ಅಲೆ. ಮ್ಯಾಂಟಲ್‌ನಲ್ಲಿ ಎಸ್ ಆಗಿ ಇಳಿದು, ಕೇಂದ್ರಗೋಳದಲ್ಲಿ ಪಿ ಆಗಿ ಓಡಿ, ಹೊರಗೆ ಬಂದು ಮತ್ತೆ ಎಸ್ ಆಗಿರುತ್ತದೆ. ನಾವು ಅದನ್ನು ಎಸ್‌ಕೆಎಸ್ ಅನ್ನುತ್ತೇವೆ, ನಡುವಿನ ಕೆ ಅಂದರೆ ಕೇಂದ್ರಗೋಳದಲ್ಲಿ ಪಿ ಆಗಿ ಹೋದ ತುಂಡು. ಇದನ್ನು ಮಾಮೂಲಿ ಎಸ್‌ನಿಂದ ಬೇರೆ ಮಾಡುವುದು ಬರೀ ಆಕಾರ ನೋಡಿ ಆಗುವುದಿಲ್ಲ, ಸಮಯ ನೋಡಬೇಕು, ಯಾವ ದಿಕ್ಕಿಗೆ ನೆಲ ಅಲುಗಿತು ಅಂತಲೂ ನೋಡಬೇಕು. ಎಸ್‌ಕೆಎಸ್ ಬರುವಾಗ ನೆಲ ಬಹುಪಾಲು ಭೂಕಂಪದ ಕಡೆಗೂ ಅದರಿಂದ ಆಚೆಗೂ ಅಲುಗುತ್ತದೆ, ಅಡ್ಡಕ್ಕಲ್ಲ. ದಾರಿಯ ನಡುವೆ ಪಿ ಆಗಿದ್ದರ ಗುರುತು ಅದು.

ಇನ್ನು ಒಳಗಿನ ಗಟ್ಟಿ ಉಂಡೆ. ನೆರಳು ವಲಯ ಪೂರ್ತಿ ಕತ್ತಲಲ್ಲ. 104ರಿಂದ 140 ಡಿಗ್ರಿ ನಡುವೆ ಇರುವ ಕೇಂದ್ರಗಳಲ್ಲೂ ತೀರಾ ಕ್ಷೀಣವಾದ ಪಿ ಅಲೆ ಬರುತ್ತಿತ್ತು. ಕೇಂದ್ರಗೋಳದ ಅಂಚನ್ನು ಬಳಸಿ ಸೋರಿ ಬಂದದ್ದು ಅಂತ ಎಲ್ಲರೂ ಸಮಾಧಾನ ಮಾಡಿಕೊಂಡಿದ್ದರು. ಡೆನ್ಮಾರ್ಕಿನ ಇಂಗೆ ಲೆಹ್ಮನ್ ಒಪ್ಪಲಿಲ್ಲ. 1929ರ ಜೂನ್‌ನಲ್ಲಿ ನ್ಯೂಜಿಲೆಂಡಿನಲ್ಲಿ ದೊಡ್ಡ ಭೂಕಂಪ ಆಯಿತು. ಅದರ ದಾಖಲೆ ರಷ್ಯಾದ ಇರ್ಕುಟ್‌ಸ್ಕ್ ಮತ್ತು ಸ್ವೆರ್ಡ್‌ಲೋವ್‌ಸ್ಕ್‌ನಲ್ಲಿ ಸಿಕ್ಕಿತು. ಭೂಕಂಪದಿಂದ ಇರ್ಕುಟ್‌ಸ್ಕ್ ಸುಮಾರು 111 ಡಿಗ್ರಿ, ಸ್ವೆರ್ಡ್‌ಲೋವ್‌ಸ್ಕ್ ಸುಮಾರು 135. ಎರಡೂ ನೆರಳಿನ ಒಳಗೆ. ಆದರೂ ಅಲೆ ಬಂದಿತ್ತು, ಅದೂ ಅಂಚನ್ನು ಬಳಸಿ ಬಂದದ್ದು ಅನ್ನಲಾಗದಷ್ಟು ಸ್ಪಷ್ಟವಾಗಿ.

ಲೆಹ್ಮನ್ ಮಾಡಿದ ಉಪಾಯ ನನಗೆ ಇಷ್ಟ. ನಿಜವಾದ ಭೂಮಿಯ ಎಲ್ಲ ಗೋಜಲನ್ನೂ ಬದಿಗಿಟ್ಟರು. ಮ್ಯಾಂಟಲ್‌ನಲ್ಲಿ ವೇಗ ಎಲ್ಲ ಕಡೆ 10, ಕೇಂದ್ರಗೋಳದಲ್ಲಿ 8 ಅಂತ ಹಿಡಿದರು. ಹೀಗೆ ಮಾಡಿದರೆ ಕಿರಣಗಳು ನೇರ ಗೆರೆ ಆಗುತ್ತವೆ, ಲೆಕ್ಕ ಶಾಲೆಯ ರೇಖಾಗಣಿತವಾಗುತ್ತದೆ. ಆಮೇಲೆ ಕೇಂದ್ರಗೋಳದ ನಡುವೆ ಇನ್ನಷ್ಟು ವೇಗದ ಒಂದು ಸಣ್ಣ ಗೋಳ ಇಟ್ಟು ನೋಡಿದರು. ಅದಕ್ಕೆ ತಗುಲಿದ ಕಿರಣಗಳು ಹೊರಕ್ಕೆ ಚದುರಿ ನೆರಳಿನ ಒಳಗೇ ಬಿದ್ದವು, ಸಮಯವೂ ಹೊಂದಿತು. 1936ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತಿನ ಲೆಕ್ಕದಲ್ಲಿ ಒಳ ಕೇಂದ್ರಗೋಳದ ತ್ರಿಜ್ಯ ಸುಮಾರು 1,220 ಕಿ.ಮೀ.

ಒಂದು ಮಾತು ಗಮನಿಸಿ. ಲೆಹ್ಮನ್ ತೋರಿಸಿದ್ದು ಒಳಗೆ ಇನ್ನೊಂದು ಗೋಳ ಇದೆ ಅಂತ, ಅದು ಗಟ್ಟಿ ಅಂತಲ್ಲ. ಪಿ ಅಲೆ ವೇಗವಾಗಿ ಹೋಗುತ್ತದೆ ಅಂದ ಮಾತ್ರಕ್ಕೆ ಗಟ್ಟಿ ಅನ್ನಲಾಗದು. ಗಟ್ಟಿ ಅನ್ನಬೇಕಾದರೆ ಒಳಗೆ ಎಸ್ ಅಲೆ ಓಡಿದ್ದು ತೋರಿಸಬೇಕು. ಆ ಅಲೆ ಹೊರ ಕೇಂದ್ರಗೋಳದ ದ್ರವ ದಾಟಬೇಕಾದರೆ ಪಿ ಆಗಿ ಹೋಗಿ, ಒಳಗೆ ಎಸ್ ಆಗಿ, ಮತ್ತೆ ಪಿ ಆಗಿ ಬರಬೇಕು. ಪ್ರತಿ ಬದಲಾವಣೆಯಲ್ಲೂ ಬಲ ಕಳೆದುಕೊಳ್ಳುತ್ತದೆ. ಕೊನೆಗೆ ಉಳಿಯುವುದು ಗಲಾಟೆಯೊಳಗೆ ಮುಳುಗುವಷ್ಟು ಸಣ್ಣದು. ಕಂಡೆವು ಅಂತ ಹೇಳಿದವರಿದ್ದಾರೆ, ಆ ದಾಖಲೆಗಳ ಬಗ್ಗೆ ಜಗಳವೂ ಇದೆ. ಒಪ್ಪಿಗೆ ಬಂದದ್ದು ಬೇರೆ ದಾರಿಯಿಂದ. ಬಹಳ ದೊಡ್ಡ ಭೂಕಂಪವಾದಾಗ ಇಡೀ ಭೂಮಿ ಗಂಟೆಯ ಹಾಗೆ ದಿನಗಟ್ಟಲೆ ಮಿಡಿಯುತ್ತದೆ. ಗಂಟೆ ಟೊಳ್ಳೋ ಘನವೋ ಅನ್ನುವುದು ಅದರ ನಾದದಲ್ಲಿ ಗೊತ್ತಾಗುವಂತೆ, ಈ ಮಿಡಿತದ ಸ್ವರಗಳೂ ಒಳಗಿನದನ್ನು ಅವಲಂಬಿಸಿರುತ್ತವೆ. 1971ರಲ್ಲಿ ಆಡಮ್ ಜಿವೊನ್ಸ್ಕಿ ಮತ್ತು ಫ್ರೀಮನ್ ಗಿಲ್ಬರ್ಟ್ ಈ ಸ್ವರಗಳನ್ನು ಲೆಕ್ಕದ ಜೊತೆ ಹೋಲಿಸಿದಾಗ, ಒಳ ಕೇಂದ್ರಗೋಳವನ್ನು ಗಟ್ಟಿ ಅಂತ ಹಿಡಿದರೆ ಮಾತ್ರ ಕೆಲವು ಸ್ವರಗಳು ಹೊಂದುತ್ತಿದ್ದವು.

ಇಷ್ಟೆಲ್ಲ ಆದ ಮೇಲೂ ಅಲೆಗಳು ಹೇಳದ ಒಂದು ವಿಷಯ ಇದೆ, ಅದು ವಸ್ತು. ಅವು ಹೇಳುವುದು ವೇಗ, ಗಡಿ, ಬಿಗಿತ. ಕಬ್ಬಿಣ ಅಂತ ಎಲ್ಲೂ ಬರೆದು ಕೊಡುವುದಿಲ್ಲ. ಕಬ್ಬಿಣ ಅನ್ನುವುದಕ್ಕೆ ಕಾರಣ ತೂಕ. ಇಡೀ ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.5 ಪಟ್ಟು, ಮೇಲಿನ ಕಲ್ಲುಗಳದ್ದು ಸುಮಾರು 2.7ರಿಂದ 3 ಪಟ್ಟು. ಒತ್ತಡದಿಂದ ಕಲ್ಲು ಕುಗ್ಗಿದರೂ ಅಷ್ಟು ತೂಕ ಬರುವುದಿಲ್ಲ, ಒಳಗೆ ತುಂಬ ಭಾರದ್ದು ಬೇಕು. ಅಷ್ಟು ಹೇರಳವಾಗಿ ಸಿಗುವ ಭಾರದ ಲೋಹ ಕಬ್ಬಿಣ, ಆಕಾಶದಿಂದ ಬಿದ್ದ ಉಲ್ಕೆಗಳಲ್ಲೂ ಅದೇ ಇದೆ. ಆದರೆ ಹೊರ ಕೇಂದ್ರಗೋಳದ ಸಾಂದ್ರತೆ ಆ ಒತ್ತಡದಲ್ಲಿ ಶುದ್ಧ ಕಬ್ಬಿಣಕ್ಕೆ ಇರಬೇಕಾದದ್ದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಮ್ಮಿ ಬರುತ್ತದೆ. ಅಂದರೆ ಅದರಲ್ಲಿ ಏನೋ ಹಗುರಾದದ್ದು ಬೆರೆತಿದೆ. ಗಂಧಕ, ಆಮ್ಲಜನಕ, ಸಿಲಿಕಾನ್ ಮೂರರ ಹೆಸರೂ ಕೇಳಿಬರುತ್ತದೆ. ಯಾವುದು ಎಷ್ಟು ಅಂತ ನಮ್ಮವರಲ್ಲಿ ಇನ್ನೂ ವಾದ ನಡೆದೇ ಇದೆ.